ಒಂದೇ ಸಾಲಿಗೆ ಎರಡು ಫಲಿತಾಂಶ

ಪೀಣ್ಯದ ನಮ್ಮ ಸಣ್ಣ ಕಾರ್ಖಾನೆಯಲ್ಲಿ ಮೊಂಡಾದ ಡ್ರಿಲ್‌ಗಳಿಗೆ ಸಾಣೆ ಹಿಡಿದು ಕೊಡುತ್ತೇವೆ. ವರ್ಷಗಟ್ಟಲೆ ಕ್ವಾಲಿಟಿ ವಿಭಾಗದಲ್ಲಿ ಅಳತೆ ನೋಡಿಕೊಂಡಿದ್ದ ನನ್ನನ್ನು ಮಾಲೀಕರು ಮಾರಾಟ ವಿಭಾಗಕ್ಕೆ ಹಾಕಿದರು. ಗಿರಾಕಿಗಳಿಗೆ ಈಮೇಲ್ ಕಳಿಸಬೇಕು. ಸಬ್ಜೆಕ್ಟ್ ಸಾಲು ಯಾವತ್ತೂ ಇಂಗ್ಲಿಷಿನಲ್ಲೇ. ಅದನ್ನು ಓದುವ ಸೂಪರ್‌ವೈಸರ್‌ಗಳೋ ಫೋನಿನಲ್ಲಿ ನನ್ನೊಡನೆ ಆಡುವುದೆಲ್ಲ ಕನ್ನಡ. ಇದೇನು ಕರ್ಮ ಎಂದು ನನಗೆ ಮೈ ಉರಿಯುತ್ತಿತ್ತು.

"ಕನ್ನಡದಲ್ಲಿ ಹಾಕ್ತೀನಿ ಸಾರ್," ಅಂದೆ.

"ಒಂದ್ಸಲ ಹಾಕಿ ನೋಡಮ್ಮ. ಇಂಗ್ಲಿಷ್‌ಗಿಂತ ಕಮ್ಮಿ ಜನ ತೆಗೆದ್ರೆ ಮತ್ತೆ ಈ ಮಾತು ಎತ್ತಬಾರದು," ಅಂದರು ಮಾಲೀಕರು.

ನಮ್ಮ ಪಟ್ಟಿಯಲ್ಲಿ ಇದ್ದವರೇ ಮುನ್ನೂರು ಜನ. ಹೆಸರುಗಳನ್ನು ಕಂಪ್ಯೂಟರಿನಲ್ಲಿ ಕಲಸಿ ಸಮನಾಗಿ ಎರಡು ಪಾಲು ಮಾಡಿದೆ. ಒಳಗಿನ ಒಕ್ಕಣೆ ಒಂದೇ, ಕಳಿಸಿದ ಹೊತ್ತೂ ಒಂದೇ. ಒಂದು ಪಾಲಿಗೆ ಹಳೆಯ ಇಂಗ್ಲಿಷ್ ಸಾಲು, ಇನ್ನೊಂದಕ್ಕೆ ನನ್ನದು: "ಮೊಂಡಾದ ಡ್ರಿಲ್ ಎಸೀಬೇಡಿ, ನಮಗೆ ಕೊಡಿ."

ಇಂಗ್ಲಿಷಿನದನ್ನು ತೆರೆದವರು ಮೂವತ್ತು, ಕನ್ನಡದ್ದನ್ನು ನಲವತ್ತೊಂದು. ಅಯ್ಯೋ, ನನ್ನ ಕಾಲು ನೆಲದ ಮೇಲಿರಲಿಲ್ಲ. "ಗೆದ್ದೆ ಬಿಡಮ್ಮ, ಇನ್ಮೇಲೆ ಕನ್ನಡದಲ್ಲೇ ಕಳಿಸು," ಅಂದರು ಮಾಲೀಕರು. ಕ್ಯಾಂಟೀನಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ.

ವಾಪಸ್ ಬರುವಾಗ ನನ್ನ ಹಳೆಯ ಜೊತೆಗಾತಿ ಕ್ವಾಲಿಟಿ ಮೇಜಿನಲ್ಲಿ ಒಂದೇ ಪಿನ್ನನ್ನು ಮೈಕ್ರೋಮೀಟರಿನಲ್ಲಿ ಮತ್ತೆ ಮತ್ತೆ ಅಳೆಯುತ್ತಿದ್ದಳು. ನಮ್ಮಲ್ಲಿ ಅದು ವಾಡಿಕೆ. ಒಂದೇ ವಸ್ತುವನ್ನು ಎರಡು ಸಲ ಅಳೆದರೆ ಎಷ್ಟು ಹೆಚ್ಚುಕಮ್ಮಿ ಬರುತ್ತದೆ ಅನ್ನುವುದು ತಿಳಿಯದೆ ಎರಡು ವಸ್ತುಗಳ ವ್ಯತ್ಯಾಸವನ್ನು ನಂಬುವ ಹಾಗಿಲ್ಲ. ನನ್ನ ಈಮೇಲನ್ನು ಹಾಗೆ ಅಳೆದೇ ಇಲ್ಲವಲ್ಲ!

ಮುಂದಿನ ಮೇಲ್‌ಗೆ ಹೆಸರುಗಳನ್ನು ಹೊಸದಾಗಿ ಕಲಸಿದೆ. ಎರಡೂ ಪಾಲಿಗೆ ಅದೇ ಕನ್ನಡ ಸಾಲು ಕಳಿಸಿದೆ. ಒಂದರಲ್ಲಿ ತೆರೆದವರು ಇಪ್ಪತ್ತೆಂಟು, ಇನ್ನೊಂದರಲ್ಲಿ ನಲವತ್ತು. ಸಾಲು ತನ್ನನ್ನು ತಾನೇ ಹನ್ನೆರಡರಿಂದ ಸೋಲಿಸಿತ್ತು. ನಾನು ಕುಣಿದಾಡಿದ್ದು ಹನ್ನೊಂದಕ್ಕೆ. ಇಷ್ಟು ಚಿಕ್ಕ ಪಟ್ಟಿಯಲ್ಲಿ ಅಷ್ಟು ಏರುಪೇರು ಸುಮ್ಮಸುಮ್ಮನೆ ಬರುತ್ತದೆ ಎಂದು ಕಣ್ಣಾರೆ ಕಂಡು ಮೈ ಜುಮ್ಮೆಂದಿತು. ಇದನ್ನು ಹೇಳಿದರೆ ನನ್ನ ಕನ್ನಡದ ಸಾಲಿಗೆ ನಾನೇ ಕಲ್ಲು ಹಾಕಿದ ಹಾಗೆ. ಆದರೂ ಬಾಯಿ ಮುಚ್ಚಿಕೊಂಡಿರುವ ಜಾಯಮಾನ ನನ್ನದಲ್ಲ. ನೇರ ಹೋಗಿ ಎರಡೂ ಲೆಕ್ಕ ಮಾಲೀಕರ ಮುಂದಿಟ್ಟೆ.

"ನಾನು ಗೆದ್ದಿರ್ಲಿಲ್ಲ ಸಾರ್. ಈ ಅಂಕಿಯಿಂದ ಏನೂ ಹೇಳಕ್ಕಾಗಲ್ಲ."

ಅವರು ಕನ್ನಡಕ ತೆಗೆದಿಟ್ಟರು. "ಸೋತೂ ಇಲ್ಲ ತಾನೇ?"

"ಅದೂ ಗೊತ್ತಾಗಲ್ಲ. ಹತ್ತಾರು ಸಲ ಮಾಡಿ ಒಟ್ಟು ಕೂಡಿದ್ರೆ ಗೊತ್ತಾಗ್ಬಹುದು."

"ಹಂಗಾದ್ರೆ ಇಷ್ಟು ವರ್ಷ ಇಂಗ್ಲಿಷ್‌ನಲ್ಲೇ ಕಳಿಸಿದ್ವಲ್ಲ, ಅದನ್ನ ಯಾರು ಅಳೆದು ನೋಡಿದ್ರು?"

"ಯಾರೂ ಇಲ್ಲ ಸಾರ್."

"ಮತ್ತೆ ನಿನ್ ಸಾಲಿಗೆ ಮಾತ್ರ ಯಾಕಮ್ಮ ಪರೀಕ್ಷೆ? ಕಳಿಸು, ಹೋಗು."