ಫಿಟ್ಟರಣ್ಣನ ಹೊಟ್ಟೆಕಿಚ್ಚು

ನಮ್ಮ ಹಡಗಿನ ಫಿಟ್ಟರಣ್ಣನಿಗೆ ಹೊಟ್ಟೆಕಿಚ್ಚು ಇದ್ದದ್ದು ಸ್ವಂತ ತಮ್ಮನ ಮೇಲೆ. ಎಂಜಿನ್ ಕೋಣೆಯಲ್ಲಿ ಪೈಪು ಒಡೆಯಲಿ, ವಾಲ್ವು ಸೋರಲಿ, ಬೆಸುಗೆ ಹಾಕಿ ಸರಿ ಮಾಡುವವನು ಅವನೇ. ನಾನು ಅಡುಗೆಯವನು. ಎಲ್ಲರ ಹೊಟ್ಟೆಯ ಸಮಾಚಾರ ನನಗೆ ಗೊತ್ತು, ಹೊಟ್ಟೆಕಿಚ್ಚಿನದೂ ಸೇರಿಸಿ.

ಒಂದು ಸಂಜೆ ಫೋನ್ ಹಿಡಿದುಕೊಂಡು ಧುಮುಗುಡುತ್ತಾ ಅಡುಗೆಮನೆಗೆ ಬಂದ.

"ಮಗನ ಸೈಕಲ್ ಚೈನ್ ಕಳಚಿತ್ತಂತೆ. ಚಿಕ್ಕಪ್ಪ ಹಾಕ್ಕೊಟ್ಟ ಅಂತ ಕುಣೀತಿದ್ದಾನೆ. ಆ ದಂಡಪಿಂಡಕ್ಕೆ ಸ್ಪ್ಯಾನರ್ ಯಾವ ಕಡೆ ಹಿಡೀಬೇಕು ಅಂತ ಗೊತ್ತಿಲ್ಲ ಕಣಯ್ಯ."

"ಹಾಕಿದ್ನಲ್ಲ, ಬಿಡಣ್ಣ," ಎಂದು ನಕ್ಕೆ. ಅವನು ನಗಲಿಲ್ಲ.

ಅಂದಿನಿಂದ ಪ್ರತಿ ವಿಡಿಯೊ ಕರೆಯಲ್ಲೂ ಅವನ ಕಣ್ಣು ತಮ್ಮನನ್ನೇ ಹುಡುಕುತ್ತಿತ್ತು. ತನ್ನ ಕುರ್ಚಿಯಲ್ಲಿ ತಮ್ಮ, ಬಾಗಿಲಲ್ಲಿ ತಮ್ಮನ ಚಪ್ಪಲಿ. ಹೆಂಡತಿ ಮಾತ್ರ ನಗುನಗುತ್ತಾ "ಇಲ್ಲಿ ಎಲ್ಲಾ ಚೆನ್ನಾಗಿದೆ, ನೀವು ಯೋಚನೆ ಮಾಡ್ಬೇಡಿ" ಎನ್ನುತ್ತಿದ್ದಳು. ಯೋಚನೆ ಮಾಡಬೇಡಿ ಎಂದರೆ ನೀವು ಬೇಕಾಗಿಲ್ಲ ಎಂದೇ ಅವನಿಗೆ ಕೇಳಿಸುತ್ತಿತ್ತು. ಅವನೂ "ನಾನೂ ಚೆನ್ನಾಗಿದ್ದೀನಿ" ಎಂದು ಫೋನ್ ಇಡುತ್ತಿದ್ದ.

ಅವನ ಒಂಬತ್ತು ತಿಂಗಳ ಕರಾರು ಮುಗಿಯಿತು. ಬದಲಿಗೆ ಬರಬೇಕಾದವನು ವೈದ್ಯಕೀಯ ಪರೀಕ್ಷೆಯಲ್ಲಿ ಫೇಲಾದ. ಇನ್ನೊಬ್ಬನನ್ನು ಗೊತ್ತುಮಾಡುವಷ್ಟರಲ್ಲಿ ಹಡಗಿಗೆ ಬೇರೆ ಬಂದರಿನ ಆದೇಶ ಬಂತು, ಅವನು ಊರಿಗೆ ಹೋಗುವುದು ಮುಂದಕ್ಕೆ ಬಿತ್ತು. ಎಲೆಕ್ಟ್ರಿಷಿಯನ್ ತನ್ನ ಕರಾರು ಮುಗಿಸಿ ಪೆಟ್ಟಿಗೆ ಹಿಡಿದು ಇಳಿದು ಹೋದ ದಿನ ಫಿಟ್ಟರಣ್ಣ ಕೈ ಬೀಸಲು ಡೆಕ್ಕಿಗೂ ಬರಲಿಲ್ಲ. ಆಮೇಲೆ ಊಟಕ್ಕೂ ಬರುವುದನ್ನು ಬಿಟ್ಟ. ಅದೇನೂ ದೊಡ್ಡ ವಿಷಯ ಅನ್ನಿಸಲಿಲ್ಲ. ಕ್ಯಾಬಿನ್‌ಗಳಿಗೆ ಇಂಟರ್ನೆಟ್ ಬಂದ ಮೇಲೆ ಊಟದ ಕೋಣೆ ಹಾಳು ಬಿದ್ದಿತ್ತು, ಒಬ್ಬೊಬ್ಬರೂ ತಟ್ಟೆ ಹಿಡಿದು ತಮ್ಮ ಗೂಡು ಸೇರುತ್ತಿದ್ದರು.

ನನಗೆ ದಿಗಿಲಾದದ್ದು ಎಂಜಿನ್ ಕೋಣೆಯ ಕೆಲಸಗಾರ ಮೋಟರ್‌ಮ್ಯಾನ್ ಹಲ್ಲು ಕಿರಿಯುತ್ತಾ ಬಂದಾಗ. ಅವನ ಕೈಯಲ್ಲಿ ಫಿಟ್ಟರಣ್ಣನ ಸ್ವಂತ ಸ್ಪ್ಯಾನರ್‌ಗಳ ಪೆಟ್ಟಿಗೆ.

"ಇಟ್ಕೋ, ನನಗಿನ್ನು ಬೇಡ ಅಂದ," ಎಂದ.

ಆ ಪೆಟ್ಟಿಗೆಯನ್ನು ಮುಟ್ಟಿದ್ದಕ್ಕೆ ತನ್ನ ಮೇಲಧಿಕಾರಿ ಸೆಕೆಂಡ್ ಎಂಜಿನಿಯರಿಗೇ ಬೈದವನು ಫಿಟ್ಟರಣ್ಣ. ಒಲೆ ಆರಿಸಿ, ನೇರ ಚೀಫ್ ಆಫೀಸರ್ ಹತ್ತಿರ ಹೋದೆ. ಕ್ಯಾಪ್ಟನ್ ಬಿಟ್ಟರೆ ಹಡಗಿನಲ್ಲಿ ಅವರದೇ ಮಾತು.

ಅವರು ಫಿಟ್ಟರಣ್ಣನನ್ನು ಊಟದ ಕೋಣೆಗೆ ಕರೆದು ಕೂರಿಸಿದರು. ನಾನು ಟೀ ಇಟ್ಟು ಹೊರಟೆ. ಫಿಟ್ಟರಣ್ಣ ನನ್ನ ಕೈ ಹಿಡಿದು ಕೂರಿಸಿದ. ಚೀಫ್ ಆಫೀಸರ್ ಸುತ್ತಿ ಬಳಸಿ ಮಾತಾಡಲಿಲ್ಲ.

"ಸಾಯಬೇಕು ಅನ್ನೋ ಯೋಚನೆ ಬಂದಿದೆಯಾ?"

ಅವನು ಟೀ ಲೋಟವನ್ನು ಪಕ್ಕಕ್ಕೆ ಸರಿಸಿದ. "ಬಂದಿದೆ ಸರ್," ಎಂದ. "ಹಿಂದಿನ ಡೆಕ್ಕಿಗೆ ಹೋಗಿ ನಿಂತ್ಕೋತೀನಿ. ನಾನಿಲ್ದೇನೂ ಮನೆ ನಡೀತಿದೆ. ಕಂಪನಿಗೆ ಹೇಳ್ಬೇಡಿ ಸರ್, ಮುಂದೆ ಹಡಗು ಸಿಗಲ್ಲ."

"ಹೇಳ್ಲೇಬೇಕು. ನೀನು ಬದುಕಿದ್ರೆ ತಾನೇ ಮುಂದಿನ ಹಡಗು. ಇಡೀ ಹಡಗಿಗೆಲ್ಲ ಸಾರಲ್ಲ, ತಿಳೀಬೇಕಾದವರಿಗಷ್ಟೇ."

ಅವತ್ತಿನಿಂದ ಅವನನ್ನು ಒಂಟಿಯಾಗಿ ಬಿಡಲಿಲ್ಲ. ಸರದಿಯ ಮೇಲೆ ಯಾರಾದರೊಬ್ಬರು ಜೊತೆಗಿರುತ್ತಿದ್ದೆವು, ರಾತ್ರಿಯೂ. ಕ್ಯಾಪ್ಟನ್ ದಡದ ಡಾಕ್ಟರಿಗೆ ಫೋನ್ ಮಾಡಿದರು. ಆಪ್ತಸಲಹೆಗಾರ್ತಿಯೊಬ್ಬರು ದಿನಾ ಫೋನಿನಲ್ಲಿ ಅವನೊಂದಿಗೆ ಮಾತಾಡಿದರು. ಕಂಪನಿ ಸರಕಿನ ನೆಪ ಹೇಳದೆ ಹತ್ತಿರದ ಬಂದರಿಗೆ ಹಡಗು ತಿರುಗಿಸಿತು, ಟಿಕೆಟ್ಟು ಚಿಕಿತ್ಸೆ ಎರಡೂ ತನ್ನದೇ ಖರ್ಚು ಎಂದಿತು. ತಟ್ಟೆ ಕ್ಯಾಬಿನ್‌ಗೆ ಒಯ್ಯುವವರಿಗೆ ನಾನೂ ಸೌಟು ತೋರಿಸಿ ಗದರಿದೆ. ಉಣ್ಣುವುದಾದರೆ ಇಲ್ಲೇ, ನಾಲ್ಕು ಜನರ ಮಧ್ಯೆ.

ಅವನೇ ಒಪ್ಪಿದ ಮೇಲೆ ಮನೆಗೆ ಫೋನ್ ಹಚ್ಚಿದರು. ಆ ಹೊತ್ತು ಜೊತೆಗಿದ್ದವನು ನಾನು. ಅವನು ಮೊದಲ ಸಲ ನಿಜ ಹೇಳಿದ. ಆ ಕಡೆಯಿಂದ ಹೆಂಡತಿಯ ಅಳು ಕೇಳಿತು.

"ನನಗೆ ಗರ್ಭಕೋಶದ ಆಪರೇಷನ್ ಆಯ್ತು ರೀ. ಎದ್ದು ನೀರು ಕುಡಿಯಕ್ಕೂ ಆಗ್ತಿರಲಿಲ್ಲ. ಮೈದುನ ಬಂದು ಮಕ್ಕಳನ್ನ ನೋಡ್ಕೊಂಡ. ಹಡಗಲ್ಲಿರೋರಿಗೆ ಕೆಟ್ಟ ಸುದ್ದಿ ಹೇಳ್ಬಾರ್ದು ಅಂತ ನಗ್ತಿದ್ದೆ."

"ನನಗೆ ಹೇಳ್ಬೇಕಿತ್ತು ಕಣೇ."

"ನೀವು ಹೇಳಿದ್ರಾ?"

ಬಂದರಿನಲ್ಲಿ ಅವನು ಇಳಿದಾಗ ಎಲ್ಲರೂ ಡೆಕ್ಕಿನಲ್ಲಿ ನಿಂತಿದ್ದೆವು. ಸುಳ್ಳೇಕೆ, ನನಗೆ ಅವನ ಮೇಲೆ ಹೊಟ್ಟೆ ಉರಿಯಿತು. ಅವನು ಮನೆಗೆ ಹೊರಟಿದ್ದ. ಅದಕ್ಕಿಂತ ಹೆಚ್ಚಾಗಿ, ಅವನ ಮನೆಯಲ್ಲಿ ಏನಾಗಿದೆ ಎಂದು ಅವನಿಗೆ ಗೊತ್ತಿತ್ತು.

ಕ್ಯಾಬಿನ್ ಸೇರಿ ನನ್ನವಳಿಗೆ ಫೋನ್ ಮಾಡಿದೆ. ಎಂದಿನಂತೆ ನಗುತ್ತಲೇ "ಎಲ್ಲಾ ಚೆನ್ನಾಗಿದೆ" ಎಂದಳು.

"ನಗಬೇಡ. ನಿಜ ಹೇಳು," ಎಂದೆ.

ಆ ಕಡೆ ಕೋಣೆಯ ಬಾಗಿಲು ಹಾಕಿದ ಸದ್ದಾಯಿತು.

"ಕೂತ್ಕೊಂಡಿದ್ದೀರಾ?" ಎಂದಳು.