ಅದಲುಬದಲಾದ ಎರಡು ಅಂಕ

ಶಾಲೆಯ ಮಕ್ಕಳು ಅವರಿಗೆ ಇಟ್ಟಿದ್ದ ಹೆಸರು ಗೆರೆ ಟೀಚರ್. ಸಮಾಜ ವಿಜ್ಞಾನದ ಪಾಠಕ್ಕೆ ಬಂದರೆಂದರೆ ಮೊದಲು ಕರಿಹಲಗೆಯ ನಡುವೆ ಉದ್ದಕ್ಕೊಂದು ಗೆರೆ ಎಳೆಯುತ್ತಿದ್ದರು. ರಾಜನ ಕಥೆಯಾಗಲಿ, ನದಿಯ ಪಾಠವಾಗಲಿ, ಗೆರೆಯ ಆ ಕಡೆ ಒಂದು, ಈ ಕಡೆ ಒಂದು. ಪೌರನೀತಿಯ ಪಾಠದಲ್ಲಂತೂ ಆ ಗೆರೆ ಇಲ್ಲದೆ ಅವರ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ.

"ಶಾಸನ ಮಾಡೋದು ಶಾಸಕಾಂಗ. ಆದ ಶಾಸನವನ್ನ ಕಾರ್ಯಕ್ಕೆ ತರೋದು ಕಾರ್ಯಾಂಗ. ಹೆಸರಲ್ಲೇ ಕೆಲಸ ಕೂತಿದೆ. ಇಷ್ಟಾದ್ಮೇಲೂ ತಿರುಗಾಮುರುಗಾ ಬರೆದ್ರೆ ನನ್ನ ಕೈಯಲ್ಲಿ ಸೊನ್ನೆ ಗ್ಯಾರಂಟಿ" ಎನ್ನುತ್ತಿದ್ದರು. ಆದರೂ ಪ್ರತಿ ವರ್ಷ ಅರ್ಧ ತರಗತಿ ತಿರುಗಾಮುರುಗಾ ಬರೆಯುತ್ತಿತ್ತು. ಟೀಚರ್ ಕೆಂಪು ಸೊನ್ನೆ ಹಾಕಿ, ಮರುದಿನ ಮತ್ತೆ ಗೆರೆ ಎಳೆಯುತ್ತಿದ್ದರು.

ಮದುವೆ ಮಾಡಿಕೊಂಡಿರಲಿಲ್ಲ. ಗಂಡನನ್ನು ಕಳೆದುಕೊಂಡ ತಂಗಿ, ತಂಗಿಯ ಮಗಳು, ಈ ಮೂವರದೇ ಮನೆ. ತಂಗಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಮಗಳು ಆ ವರ್ಷ ಹತ್ತನೆಯ ತರಗತಿಯ ದೊಡ್ಡ ಪರೀಕ್ಷೆ ಬರೆದಿದ್ದಳು. ಹುಡುಗಿಗೆ ಲೆಕ್ಕ ಎಂದರೆ ನೀರು ಕುಡಿದಂತೆ, ಸಮಾಜ ವಿಜ್ಞಾನ ಎಂದರೆ ಕಷಾಯ ಕುಡಿದಂತೆ. ದೊಡ್ಡಮ್ಮ ಅದೇ ವಿಷಯದ ಟೀಚರ್ ಆಗಿದ್ದೇ ಅದಕ್ಕೆ ಕಾರಣ ಎಂದು ತಂಗಿಯ ದೂರು.

ಪರೀಕ್ಷೆ ಮುಗಿಸಿ ಬಂದ ಸಂಜೆ ಹುಡುಗಿ ಚಪ್ಪಲಿ ಬಿಡುವ ಮೊದಲೇ ಹೇಳಿದ್ದಳು: "ದೊಡ್ಡಮ್ಮ, ಬಯ್ಯಬೇಡ. ಶಾಸಕಾಂಗ, ಕಾರ್ಯಾಂಗ ಎರಡನ್ನೂ ಅದಲುಬದಲು ಬರೆದ್ಬಿಟ್ಟೆ. ಗಂಟೆ ಹೊಡೆದ ಮೇಲೆ ಗೊತ್ತಾಯ್ತು."

"ನಮ್ಮನೇಲೇ!" ಎಂದರು ಟೀಚರ್. ಅಷ್ಟೇ. ಬಯ್ಯಲಿಲ್ಲ. ಆದರೆ ಆ ಒಂದು ಪದ ಹುಡುಗಿಗೆ ಹತ್ತು ಬೈಗುಳಕ್ಕೆ ಸಮನಾಯಿತು.

ಸ್ವಲ್ಪ ದಿನಕ್ಕೆ ಉತ್ತರಪತ್ರಿಕೆ ತಿದ್ದುವ ಕೆಲಸಕ್ಕೆ ಟೀಚರನ್ನು ಕರೆದರು. ಒಂದು ಹಳೆಯ ಕಾಲೇಜಿನ ಕಟ್ಟಡ. ಸಾಲು ಸಾಲು ಹಾಲುಗಳು, ಹಾಲಿನ ತುಂಬ ಮೇಜು, ಮೇಜಿನ ಮೇಲೆ ಬಟ್ಟೆಯಲ್ಲಿ ಕಟ್ಟಿ ಅರಗು ಹಾಕಿದ ಕಂತೆಗಳು. ಹೆಸರಿರುವ ಭಾಗವನ್ನು ಕತ್ತರಿಸಿ ಗುಪ್ತ ಸಂಖ್ಯೆ ಹಾಕಿದ್ದರಿಂದ ಯಾವ ಪತ್ರಿಕೆ ಯಾರದೆಂದು ತಿಳಿಯುವಂತಿರಲಿಲ್ಲ. ಇಲ್ಲಿನ ಮಕ್ಕಳ ಪತ್ರಿಕೆಗಳು ಬೇರೆ ಜಿಲ್ಲೆಗೆ ಹೋಗಿದ್ದವು, ಅಲ್ಲಿಯವು ಇಲ್ಲಿಗೆ ಬಂದಿದ್ದವು. ಎಲ್ಲ ಕೇಂದ್ರಗಳಿಗೂ ಒಂದೇ ಆಗಿದ್ದದ್ದು ಅಚ್ಚಾದ ಮಾದರಿ ಉತ್ತರ.

ಬೆಳಗ್ಗೆ ಎಲ್ಲರಿಗೂ ಅದರ ಪ್ರತಿ ಹಂಚಿದರು. ಟೀಚರ್ ಕನ್ನಡಕ ಏರಿಸಿ ಓದುತ್ತಾ ಹೋದವರು ಎರಡು ಅಂಕದ ಒಂದು ಪ್ರಶ್ನೆಯ ಹತ್ತಿರ ನಿಂತರು. 'ಶಾಸಕಾಂಗ ಮತ್ತು ಕಾರ್ಯಾಂಗದ ಮುಖ್ಯ ಕೆಲಸ ಒಂದೊಂದನ್ನು ಬರೆಯಿರಿ.' ಅದರ ಕೆಳಗೆ ಅಚ್ಚಾಗಿತ್ತು: 'ಶಾಸಕಾಂಗ: ಕಾನೂನುಗಳನ್ನು ಜಾರಿಗೆ ತರುವುದು. ಕಾರ್ಯಾಂಗ: ಕಾನೂನುಗಳನ್ನು ರಚಿಸುವುದು.'

ಎದುರಿಗಿದ್ದ ಕಂತೆಯಿಂದ ಮೊದಲ ಪತ್ರಿಕೆ ತೆಗೆದರು. ಯಾವುದೋ ಮಗು, ಇರುವೆ ಸಾಲಿನಂಥ ಅಕ್ಷರದಲ್ಲಿ ಎರಡನ್ನೂ ಸರಿಯಾಗಿ ಬರೆದಿತ್ತು. ಎರಡಕ್ಕೂ ಉದಾಹರಣೆ ಬೇರೆ ಕೊಟ್ಟಿತ್ತು: 'ಹೆಲ್ಮೆಟ್ ಹಾಕಬೇಕು ಎಂಬ ಕಾನೂನನ್ನು ಸದನ ಮಾಡುತ್ತದೆ. ಹಾಕದವರನ್ನು ಪೊಲೀಸರು ಹಿಡಿಯುತ್ತಾರೆ.' ಮಾದರಿ ಉತ್ತರದ ಪ್ರಕಾರ ಆ ಮಗುವಿಗೆ ಸೊನ್ನೆ.

ಟೀಚರ್ ಪೆನ್ನಿಗೆ ಮುಚ್ಚಳ ಹಾಕಿದರು.

ಆ ಮೇಜಿನ ಮುಖ್ಯಸ್ಥರು ನಿವೃತ್ತಿಗೆ ಹತ್ತಿರವಾಗಿದ್ದ ಹಿರಿಯ ಮೇಷ್ಟ್ರು. ಟೀಚರಿಗೆ ಹಿಂದೆ ಒಂದೇ ಶಾಲೆಯಲ್ಲಿ ಸಹೋದ್ಯೋಗಿ. ಟೀಚರ್ ಮುಂದಿಟ್ಟ ಪ್ರತಿ ನೋಡಿ ಅವರು ನಿಟ್ಟುಸಿರು ಬಿಟ್ಟರು.

"ಮುದ್ರಾರಾಕ್ಷಸ ಕಣಮ್ಮ. ನಂಗೂ ಕಾಣಿಸ್ತು. ಆದ್ರೆ ಕೆಳಗೆ ಬರೆದಿದಾರಲ್ಲ, ಮಾದರಿ ಉತ್ತರದಂತೆಯೇ ಅಂಕ ಕೊಡತಕ್ಕದ್ದು ಅಂತ. ಉತ್ತರ ಬರೆಯೋದು ಅವರ ಕೆಲಸ, ಅಂಕ ಹಾಕೋದು ನಮ್ಮ ಕೆಲಸ."

"ಒಪ್ಪಿದೆ ಸಾರ್. ಅದಕ್ಕೇ ಈ ಮಾದರಿ ಉತ್ತರಾನ ನಾನು ತಿದ್ದೋಕೆ ಹೋಗಿಲ್ಲ. ಬರೆದೋರೇ ತಿದ್ದಲಿ. ತಿದ್ದೋವರೆಗೂ ನಾನು ಅಂಕ ಹಾಕಲ್ಲ."

ಪಕ್ಕದ ಕುರ್ಚಿಯ ದಪ್ಪ ಮೀಸೆಯ ಮೇಷ್ಟ್ರು ಬಗ್ಗಿ ಪಿಸುಗುಟ್ಟಿದರು: "ಯಾಕೆ ಮೇಡಂ ಗಲಾಟೆ? ಸರಿ ಬರೆದ ಮಕ್ಕಳಿಗೆ ಸುಮ್ನೆ ಎರಡು ಹಾಕ್ಕೊಂಡು ಹೋಗಿ. ಯಾರು ನೋಡ್ತಾರೆ?"

"ನನ್ನ ಮೇಜಿಗೆ ಬಂದ ಮಕ್ಕಳಿಗೆ ಎರಡು. ಪಕ್ಕದ ಹಾಲಿಗೆ ಹೋದ ಮಕ್ಕಳಿಗೆ ಸೊನ್ನೆ. ಅದೇನು ಪರೀಕ್ಷೆನಾ, ಲಾಟರಿನಾ?"

ಪಿಸುಮಾತಿಗೆ ಅವರು ಕೊಟ್ಟ ಉತ್ತರ ಪಿಸುಮಾತಾಗಿರಲಿಲ್ಲ. ಹಾಲಿನ ತಲೆಗಳೆಲ್ಲ ಈ ಕಡೆ ತಿರುಗಿದವು. ಮೌಲ್ಯಮಾಪನ ಕೇಂದ್ರದ ಅಧಿಕಾರಿ ಧಾವಿಸಿ ಬಂದರು. ಕೆಲಸ ದಿನಕ್ಕೆ ಇಷ್ಟು ಮುಗಿಯಬೇಕೆಂದು ಮೇಲಿನಿಂದ ಒತ್ತಡವಿದ್ದ ಮನುಷ್ಯ. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಕರವಸ್ತ್ರ.

"ಮೇಡಂ, ಎಲ್ಲರಿಗೂ ಇಲ್ಲದ ತೊಂದರೆ ನಿಮಗೊಬ್ಬರಿಗೇ ಏನು?"

"ಎಲ್ಲರಿಗೂ ಇದೆ. ಬಾಯಿ ಬಿಟ್ಟಿರೋದು ನಾನೊಬ್ಳು."

"ಕರ್ತವ್ಯಕ್ಕೆ ಅಡ್ಡಿ ಅಂತ ವರದಿ ಬರೀಬೇಕಾಗುತ್ತೆ."

"ಬರೀರಿ. ಕಾರಣಾನೂ ಬರೀರಿ. ಶಾಸಕಾಂಗ ಕಾನೂನು ಮಾಡುತ್ತೆ ಅಂತ ಹೇಳಿದ್ಳು ಅಂತ."

ಯಾರೋ ಹಿಂದಿನ ಸಾಲಿನಲ್ಲಿ ಕಿಸಕ್ಕನೆ ನಕ್ಕರು. ಅಧಿಕಾರಿಯ ಮುಖ ಕೆಂಪಾಯಿತು. ಟೀಚರನ್ನು ಮೇಜಿನಿಂದ ಎಬ್ಬಿಸಿ, ಹೊರಗೆ ಪಡಸಾಲೆಯಲ್ಲಿ ಒಂದು ಕುರ್ಚಿ ಹಾಕಿಸಿ ಕೂರಿಸಿದರು. ತಪ್ಪು ಮಾಡಿದ ಮಕ್ಕಳನ್ನು ಬಾಗಿಲಾಚೆ ನಿಲ್ಲಿಸುವಂತೆ. ಟೀಚರ್ ಸೀರೆಯ ಸೆರಗು ಸರಿ ಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಸಂಜೆಯವರೆಗೆ ಅಲ್ಲೇ ಕೂತರು. ನೀರು ಬೇಕೇ ಎಂದು ಕೇಳಲು ಹಿರಿಯ ಮೇಷ್ಟ್ರು ಒಂದು ಸಲ ಬಂದರು. ಟೀಚರ್ ಬೇಡ ಎಂದರು.

ಮನೆಗೆ ಬಂದು ನಡೆದದ್ದನ್ನು ಹೇಳಿದಾಗ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಅಕ್ಕ, ಒಂದು ನಿಮಿಷ" ಎಂದಳು ತಂಗಿ. "ಆ ಉತ್ತರ ಹಾಗೇ ಇದ್ರೆ ನಮ್ಮ ಹುಡುಗಿಗೆ ಎರಡು ಅಂಕ ಬರುತ್ತೆ ಅಲ್ವಾ?"

"ಬರುತ್ತೆ."

"ಆ ವಿಷಯದಲ್ಲಿ ಅವಳು ಪಾಸಿನ ಅಂಚಿನಲ್ಲಿದಾಳೆ. ಗೊತ್ತು ತಾನೇ?"

"ಗೊತ್ತು."

"ಗೊತ್ತಿದ್ದೂ ನಿನ್ನ ಕೈಯಾರೆ ಕಲ್ಲು ಹಾಕ್ತಾ ಇದೀಯಾ? ಯಾರೋ ಮಾಡಿದ ತಪ್ಪು, ಯಾರೋ ಅನುಭವಿಸ್ತಾರೆ. ಬಾಯಿ ಮುಚ್ಕೊಂಡು ಕೂತ್ರೆ ನಿನ್ನ ಗಂಟೇನು ಹೋಗುತ್ತೆ?"

"ಅನುಭವಿಸೋ ಆ ಯಾರೋ ಕೂಡ ಒಂದು ಮನೆ ಮಗುನೇ ಕಣೆ."

ಬಾಗಿಲ ಬಳಿ ನಿಂತಿದ್ದ ಹುಡುಗಿ ಕೋಣೆಗೆ ಹೋಗಿ ಕದ ಹಾಕಿಕೊಂಡಳು. ಆ ಸದ್ದು ಟೀಚರ ಎದೆಗೆ ಬಡಿಯಿತು. ಹೌದು, ಅವರಿಗೂ ಆಸೆಯಿತ್ತು. ಪಡಸಾಲೆಯಲ್ಲಿ ಕೂತಿದ್ದಷ್ಟು ಹೊತ್ತೂ ಆ ಎರಡು ಅಂಕ ಕಣ್ಣ ಮುಂದೆ ಕುಣಿದಿತ್ತು. ಸುಮ್ಮನಿದ್ದರೆ ಸಾಕಿತ್ತು, ಕೈ ಎತ್ತುವುದೂ ಬೇಕಿರಲಿಲ್ಲ. ಆದರೆ ಇರುವೆ ಸಾಲಿನ ಆ ಅಕ್ಷರ ಅಳಿಸಿಹೋಗುತ್ತಿರಲಿಲ್ಲ.

ಮರುದಿನ ಮತ್ತೆ ಹೋದರು. ನೇರವಾಗಿ ಪಡಸಾಲೆಯ ಕುರ್ಚಿಗೇ. ಆದರೆ ಆ ಹೊತ್ತಿಗೆ ಒಳಗೆ ಗಾಳಿ ಸ್ವಲ್ಪ ತಿರುಗಿತ್ತು. ದಪ್ಪ ಮೀಸೆಯ ಮೇಷ್ಟ್ರು ಒಂದು ಉಪಾಯ ಹೂಡಿದ್ದರು. ಉಳಿದ ಪ್ರಶ್ನೆಗಳನ್ನೆಲ್ಲ ತಿದ್ದುವುದು, ಆ ಒಂದು ಪ್ರಶ್ನೆಯ ಮುಂದೆ ಮಾತ್ರ ಜಾಗ ಖಾಲಿ ಬಿಡುವುದು. ಅವರನ್ನು ನೋಡಿ ಇನ್ನೊಬ್ಬರು, ಅವರನ್ನು ನೋಡಿ ಮತ್ತೊಬ್ಬರು. ಯಾರೂ ಕೆಲಸ ನಿಲ್ಲಿಸಿರಲಿಲ್ಲ, ಆದರೆ ಒಂದು ಪತ್ರಿಕೆಗೂ ಒಟ್ಟು ಅಂಕ ಬರುತ್ತಿರಲಿಲ್ಲ. ಒಟ್ಟಾಗದ ಕಂತೆಗಳು ಗೋಡೆಯುದ್ದಕ್ಕೂ ಗುಡ್ಡೆ ಬಿದ್ದವು.

ಮಧ್ಯಾಹ್ನ ಅಧಿಕಾರಿ ಚಪ್ಪಾಳೆ ತಟ್ಟಿ ಎಲ್ಲರ ಗಮನ ಸೆಳೆದರು. "ಮೇಲಿನವರ ಹತ್ರ ಮಾತಾಡಿದೀನಿ. ಹೇಗೆ ಬರೆದಿದ್ರೂ ಎರಡು ಅಂಕ ಕೊಟ್ಬಿಡಿ. ಯಾರಿಗೂ ನಷ್ಟ ಇಲ್ಲ. ಮುಗೀತಲ್ಲ?"

ಹಾಲಿಗೆ ಹಾಲೇ ಹಗುರಾಯಿತು. ಟೀಚರಿಗೆ ಇದಕ್ಕಿಂತ ಸಿಹಿಯಾದ ಮಾತು ಬೇರೆ ಬೇಕಿರಲಿಲ್ಲ. ಸರಿ ಬರೆದ ಮಗುವಿಗೂ ಎರಡು, ಮನೆಯ ಹುಡುಗಿಗೂ ಎರಡು. ಅವರು ಕುರ್ಚಿಯಿಂದ ಎದ್ದು ಬಾಗಿಲಲ್ಲಿ ನಿಂತರು.

"ಬರಹದಲ್ಲಿ ಇದೆಯಾ ಸಾರ್?"

"ಬಾಯಿಮಾತು. ಬರಹ ಯಾಕೆ ಇಷ್ಟಕ್ಕೆ?"

"ಪ್ರಶ್ನೆ ತಪ್ಪಿದ್ರೆ ಎಲ್ರಿಗೂ ಕೊಡೋಣ, ಅದು ಪದ್ಧತಿ. ಆದ್ರೆ ಪ್ರಶ್ನೆ ಸರಿಯಾಗಿದೆ. ತಪ್ಪಿರೋದು ನಮ್ಮ ಉತ್ತರ. ನಮ್ಮ ತಪ್ಪು ಮುಚ್ಚೋಕೆ ಮಕ್ಕಳಿಗೆ ಲಂಚ ಕೊಡೋದು ಬೇಡ."

"ಅಯ್ಯೋ, ಎರಡು ಅಂಕ ಬಿಡಿ ಮೇಡಂ!"

"ಕಾನೂನು ಮಾಡೋರು ಯಾರು, ಅದನ್ನ ಹಿಡ್ಕೊಂಡು ಮನೆ ಬಾಗಿಲಿಗೆ ಬರೋರು ಯಾರು ಅಂತ ಗೊತ್ತಿಲ್ಲದೋನು ನಾಳೆ ಯಾರನ್ನ ಹೋಗಿ ಕೇಳ್ತಾನೆ ಸಾರ್? ಎರಡೂ ಒಂದೇ ಅಂತ ನಾವೇ ಸಹಿ ಹಾಕಿ ಕಳಿಸಿದ್ರೆ, ನಾಳೆ ಬಂದೋರಿಗೆಲ್ಲ ಕೈ ಮುಗೀತಾನೆ ಅಷ್ಟೆ. ನಾನು ಸಹಿ ಹಾಕಲ್ಲ."

ಆಗ ಹಿರಿಯ ಮೇಷ್ಟ್ರು, ಅಷ್ಟು ವರ್ಷ ಯಾರ ಎದುರಿಗೂ ದನಿ ಎತ್ತದಿದ್ದವರು, ಮೇಜು ಹಿಡಿದು ಎದ್ದರು. "ಆಕೆ ಹೇಳೋದು ಸರಿಯಾಗಿದೆ. ಮೇಜಿನ ಮುಖ್ಯಸ್ಥ ನಾನು. ತಿದ್ದುಪಡಿ ಬರಹದಲ್ಲಿ ಬರಲಿ. ಅಲ್ಲೀವರೆಗೂ ನನ್ನ ಮೇಜಿನಿಂದ ಒಂದು ಕಂತೆನೂ ಹೊರಗೆ ಹೋಗಲ್ಲ."

ಬರಹ ಬಂತು. ಆ ದಿನವಲ್ಲ, ಅದರ ಮಾರನೆಯ ದಿನ. ಎರಡು ಸಾಲಿನ ತಿದ್ದುಪಡಿ, ಎಲ್ಲ ಕೇಂದ್ರಗಳಿಗೂ: ಶಾಸಕಾಂಗ ರಚಿಸುತ್ತದೆ, ಕಾರ್ಯಾಂಗ ಜಾರಿಗೆ ತರುತ್ತದೆ. ಈಗಾಗಲೇ ತಿದ್ದಿದ ಪತ್ರಿಕೆಗಳಲ್ಲಿ ಆ ಪ್ರಶ್ನೆಯನ್ನು ಮತ್ತೆ ನೋಡತಕ್ಕದ್ದು. ಗೊಣಗಾಟದ ನಡುವೆ ಕಂತೆಗಳು ಮತ್ತೆ ಬಿಚ್ಚಿಕೊಂಡವು. ಟೀಚರನ್ನು ಯಾರೂ ಒಳಗೆ ಕರೆಯಲಿಲ್ಲ. ತಾವೇ ಹೋಗಿ ತಮ್ಮ ಜಾಗದಲ್ಲಿ ಕೂತರು.

ಅಧಿಕಾರಿಯ ವರದಿ ಮಾತ್ರ ಹೋಗೇ ಹೋಯಿತು. ಕೆಲಸಕ್ಕೆ ಅಡ್ಡಿ ಮಾಡಿದ್ದೇಕೆ, ವಿವರಣೆ ಕೊಡಿ ಎಂದು ನೋಟಿಸು ಬಂತು. ಶಾಲೆಯ ಮುಖ್ಯೋಪಾಧ್ಯಾಯಿನಿ ಉತ್ತರದ ಕರಡು ತಾವೇ ಸಿದ್ಧ ಮಾಡಿಕೊಟ್ಟರು. ಕೊನೆಯಲ್ಲಿ 'ವಿಷಾದಿಸುತ್ತೇನೆ' ಎಂದಿತ್ತು. ಟೀಚರ್ ಆ ಪದವನ್ನು ಹೊಡೆದು ಹಾಕಿ, 'ಹೌದು, ಅಂಕ ಹಾಕಲಿಲ್ಲ. ಅದೇ ಉತ್ತರ ಮತ್ತೆ ಬಂದರೆ ಮತ್ತೆ ಹಾಕುವುದಿಲ್ಲ' ಎಂದು ಬರೆದು ಸಹಿ ಮಾಡಿದರು. ಅವರ ಒಂದು ವರ್ಷದ ವೇತನ ಬಡ್ತಿ ತಡೆಹಿಡಿದರು. ಮೌಲ್ಯಮಾಪನಕ್ಕೆ ಮತ್ತೆಂದೂ ಕರೆಯಲಿಲ್ಲ. ಕರೆಯದಿದ್ದ ಕಾರಣ ಕೇಳಲು ಅವರು ಪ್ರತಿ ವರ್ಷ ಕಚೇರಿಗೆ ಹೋಗುತ್ತಿದ್ದರು. ಉತ್ತರ ಸಿಗುವುದಿಲ್ಲವೆಂದು ಗೊತ್ತಿದ್ದೂ ಹೋಗುತ್ತಿದ್ದರು.

ಆ ವರ್ಷದ ಫಲಿತಾಂಶದ ದಿನ ಹುಡುಗಿ ಸಮಾಜ ವಿಜ್ಞಾನದಲ್ಲಿ ಒಂದು ಅಂಕದಿಂದ ಫೇಲಾಗಿದ್ದಳು. ತಂಗಿ ಅಕ್ಕನ ಜೊತೆ ಮಾತು ಬಿಟ್ಟಳು. ತಟ್ಟೆ ಇಡುವಳು, ಬಡಿಸುವಳು, ಬಾಯಿ ಬಿಡಳು. ಮರುಪರೀಕ್ಷೆಗೆ ತಾನೇ ಹೇಳಿಕೊಡುತ್ತೇನೆ ಎಂದು ಟೀಚರ್ ಹುಡುಗಿಯ ಬಳಿ ಹೋದಾಗ, ಆಕೆ ಪುಸ್ತಕದಿಂದ ತಲೆ ಎತ್ತಲಿಲ್ಲ.

"ನಿನ್ನ ಹತ್ರ ಕಲಿಯಲ್ಲ. ನಾನೇ ಓದ್ತೀನಿ. ನೀನು ಎರಡು ಅಂಕ ಕಿತ್ಕೊಂಡೆ, ನಾನು ಇಪ್ಪತ್ತು ಜಾಸ್ತಿ ತಗೊಂಡು ತೋರಿಸ್ತೀನಿ."

"ತೋರಿಸು" ಎಂದರು ಟೀಚರ್. ಕಣ್ಣಲ್ಲಿ ನೀರು ತುಂಬಿತ್ತು, ದನಿಯಲ್ಲಿ ಇರಲಿಲ್ಲ.

ಹುಡುಗಿ ಇಪ್ಪತ್ತಲ್ಲ, ಮೂವತ್ತೊಂದು ಜಾಸ್ತಿ ತೆಗೆದಳು. ಅಂಕಪಟ್ಟಿಯನ್ನು ತಂದು ದೊಡ್ಡಮ್ಮನ ಮುಂದೆ ಮೇಜಿನ ಮೇಲೆ ಬಡಿದಿಟ್ಟಳು. ಟೀಚರ್ ನೋಡಿದರು, ಕನ್ನಡಕ ತೆಗೆದು ಮತ್ತೊಮ್ಮೆ ನೋಡಿದರು.

"ನಿನ್ನ ಮೇಲೆ ನನಗಿನ್ನೂ ಸಿಟ್ಟಿದೆ ದೊಡ್ಡಮ್ಮ."

"ಇರಲಿ. ಸಿಟ್ಟು ನಿಂದು, ಮನೆ ನಂದು. ಊಟಕ್ಕೆ ಬಾ."

ಹುಡುಗಿ ಮುಖ ಊದಿಸಿಕೊಂಡೇ ಬಂದು ಪಕ್ಕದಲ್ಲಿ ಕೂತಳು. ಅಡುಗೆಮನೆಯಿಂದ ತಂಗಿಯ ದನಿ, ಎಷ್ಟೋ ದಿನದ ಮೇಲೆ, ಕೇಳಿಸಿತು: "ಅಕ್ಕ, ಇನ್ನೊಂದು ತಟ್ಟೆ ಕೊಡು ಈ ಕಡೆ."