ಉಳಿಸಿಟ್ಟ ಎಂಟು ಫೋನು

ನಮ್ಮ ಯಜಮಾನರು ತೀರಿಕೊಂಡು ಎರಡು ತಿಂಗಳೂ ಆಗಿರಲಿಲ್ಲ, ನಾನು ಜಗಳಕ್ಕೆ ಹೊರಟಿದ್ದೆ. ನಮ್ಮಿಬ್ಬರ ಹೆಸರಿನಲ್ಲಿ ವರ್ಷದ ಆರೋಗ್ಯ ತಪಾಸಣೆಯ ಪ್ಯಾಕೇಜ್ ಮಾರಿದ್ದ ಲ್ಯಾಬಿನವರ ಜೊತೆ ಜಗಳ. "ಅವ್ವ, ಬಿಟ್ಟಬಿಡು. ಎಷ್ಟರ ರೊಕ್ಕ ಅದು?" ಎಂದಳು ಮಗಳು. ನನಗೆ ಮೈಯೆಲ್ಲ ಉರಿಯಿತು. ಖಡಕಿ ಬಜಾರಿನಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟು ತಲೆ ಬೆಳ್ಳಗೆ ಮಾಡಿಕೊಂಡ ಮನುಷ್ಯ ಅವರು. ಅವರ ದುಡ್ಡನ್ನು ಯಾರೋ ನುಂಗಿ ನೀರು ಕುಡಿಯುವುದನ್ನು ನೋಡಿಕೊಂಡು ನಾನು ಕೂರಬೇಕೇ? ಅವರಿಗಾಗಿ ಮಾಡುವಂಥದ್ದು ನನಗೆ ಬೇರೇನೂ ಉಳಿದಿರಲಿಲ್ಲ. ಇದೊಂದನ್ನಾದರೂ ಮಾಡಿಯೇ ತೀರುತ್ತೇನೆ ಎಂದು ಹಟ ಹಿಡಿದೆ.

ಕೋಥರೂಡದ ನಮ್ಮ ಸೊಸೈಟಿಯ ಅಂಗಳದಲ್ಲಿ ಒಂದು ಭಾನುವಾರ ಆ ಲ್ಯಾಬಿನವರು ಮೇಜು ಹಾಕಿಕೊಂಡು ಪುಕ್ಕಟೆ ಬಿಪಿ ನೋಡುತ್ತಿದ್ದರು. ಬಿಪಿ ನೋಡಿಸಲು ಇಳಿದ ಯಜಮಾನರು ಹನ್ನೆರಡು ಸಾವಿರದ ಪ್ಯಾಕೇಜ್ ತೆಗೆದುಕೊಂಡೇ ಮೇಲೆ ಬಂದರು. ಗಂಡ ಹೆಂಡತಿ ಇಬ್ಬರಿಗೂ ಪೂರ್ತಿ ತಪಾಸಣೆ, ಆಗ ಒಂದು ಸಲ, ಆರು ತಿಂಗಳು ಬಿಟ್ಟು ಇನ್ನೊಂದು ಸಲ. ಅದರ ಜೊತೆ ಇಬ್ಬರಿಗೂ ಸೇರಿ ಎಂಟು ಸಲ ಡಾಕ್ಟರ ಜೊತೆ ಫೋನಿನಲ್ಲಿ ಮಾತಾಡಬಹುದು. ಮೊದಲ ತಪಾಸಣೆ ಇಬ್ಬರದೂ ಆಯಿತು. ರಿಪೋರ್ಟು ಯಜಮಾನರ ಮೊಬೈಲಿಗೆ ಬಂತು. "ಎಲ್ಲಾ ಚಲೋ ಅದ" ಎಂದರು, ನಾನೂ ನಂಬಿದೆ.

ಅವರದೊಂದು ಸ್ವಭಾವ. ಅಂಗಡಿಯಲ್ಲಿ ಯಾವ ಪಾತ್ರೆಯೇ ಇರಲಿ, ಕೊನೆಯದೊಂದನ್ನು ಮಾರುತ್ತಿರಲಿಲ್ಲ. ಗಿರಾಕಿ ದುಡ್ಡು ಹಿಡಿದು ನಿಂತರೂ "ಅದು ಇರ್ಲಿ ಬಿಡ್ರಿ, ಯಾರಿಗರೆ ಖರೇ ಬೇಕಾಗ್ತದ" ಎಂದು ಅಟ್ಟದ ಮೇಲಿಡುವವರು. ಆ ಎಂಟು ಫೋನುಗಳನ್ನೂ ಹಾಗೇ ಅಟ್ಟಕ್ಕೇರಿಸಿದರು.

ಮಹಡಿ ಹತ್ತಿದರೆ ಎದೆ ಹಿಡಿದಂತಾಗುತ್ತದೆ ಎಂದು ಅವರೇ ಒಂದು ಸಂಜೆ ಹೇಳಿದರು. ನಾನು, "ಆ ಎಂಟ್ರಾಗಿಂದ ಒಂದು ಹಚ್ರಿ ಫೋನು" ಎಂದೆ.

"ಹುಚ್ಚಿ, ಗ್ಯಾಸಿಗೆ ಒಂದು ಫೋನ್ ಹಾಳ ಮಾಡ್ಲೇನು? ನಿನ್ನ ಮೊಳಕಾಲಿಗೆ ಬೇಕಾಗ್ತಾವ, ಇರ್ಲಿ. ಒಂದೀಟು ಅಜವಾನ ಕೊಡು."

ಕೊಟ್ಟೆ. ನೀರು ಕುಡಿದು, ತೇಗಿ, ನನ್ನನ್ನು ನೋಡಿ ನಕ್ಕರು. ಅದಾದ ಕೆಲವೇ ದಿನಕ್ಕೆ ಅಂಗಡಿಯಲ್ಲಿ ಗಲ್ಲಾದ ಮುಂದೆ ಕುಳಿತಲ್ಲಿಯೇ ಹೋಗಿಬಿಟ್ಟರು. ಎರಡನೆಯ ತಪಾಸಣೆಯ ದಿನ ಇನ್ನೂ ಬಂದಿರಲಿಲ್ಲ.

ಕೋಥರೂಡದ ಶಾಖೆಯ ಕೌಂಟರಿನಲ್ಲಿದ್ದ ಹುಡುಗಿ ಮರಾಠಿಯಲ್ಲಿ ಮೆತ್ತಗೆಯೇ ಮಾತಾಡಿದಳು, ಹೇಳಿದ್ದು ಮಾತ್ರ ಎದೆಗೆ ಒದ್ದಂತಿತ್ತು. ಪ್ಯಾಕೇಜ್ ರದ್ದು ಮಾಡಿದರೆ, ಈಗಾಗಲೇ ಆದ ನಮ್ಮಿಬ್ಬರ ಮೊದಲ ತಪಾಸಣೆಗೆ ಬೋರ್ಡಿನ ಮೇಲಿನ ಪೂರ್ತಿ ದರ ಹಿಡಿಯುತ್ತಾರಂತೆ. ಅದನ್ನು ಕಳೆದು, ರದ್ದತಿ ಶುಲ್ಕವನ್ನೂ ಕಳೆದರೆ ಕೈಗೆ ಬರುವುದು ಆಟೋ ಖರ್ಚಿಗೂ ಸಾಲದು. "ಬೇಕಿದ್ದರೆ ಕಾಕಾ ಅವರ ಪಾಲಿನದನ್ನು ನಿಮ್ಮ ಮನೆಯ ಬೇರೆಯವರ ಹೆಸರಿಗೆ ಮಾಡಿಕೊಡುತ್ತೇವೆ" ಎಂದಳು. ಸತ್ತವರ ಅಂಗಿಯನ್ನು ಎದುರಿಗೇ ಬೇರೆಯವರಿಗೆ ತೊಡಿಸಿದಂತಾಯಿತು ನನಗೆ. ಏನೇನೋ ಅಂದುಬಿಟ್ಟೆ. ಪಾಪ, ಅವಳು ನೀರು ತಂದುಕೊಟ್ಟು, ನಿರ್ಧಾರ ಮಾಡುವವರು ವಿಮಾನ ನಗರದ ಆಫೀಸಿನಲ್ಲಿದ್ದಾರೆ, ಮರಣ ಪತ್ರ ತೆಗೆದುಕೊಂಡು ಅಲ್ಲಿಗೆ ಹೋಗಿ ಎಂದಳು.

ಮಗಳು ರಜೆ ಹಾಕಿ ನನ್ನ ಜೊತೆ ಬಂದಳು. ಅಲ್ಲಿಯ ಮ್ಯಾನೇಜರ್ ಮೂವತ್ತರ ಆಸುಪಾಸಿನವನು, ಕನ್ನಡಕ ಒರೆಸುತ್ತ ಕುಳಿತಿದ್ದ. "ಇವನೂ ಅದ ಪುರಾಣಾ ಓದ್ತಾನ ನೋಡು" ಎಂದು ಮಗಳ ಕಿವಿಯಲ್ಲಿ ಅಂದೆ. ಅವನು ತಲೆ ಎತ್ತಿ, "ಓದಲ್ಲಮ್ಮ, ನೀವು ಹೇಳಿ, ನಾನು ಕೇಳ್ತೀನಿ" ಎಂದ. ಅವನ ಕನ್ನಡ ಕೇಳಿದರೆ ಮೈಸೂರಿನ ಕಡೆಯ ಹುಡುಗ. ನಾಚಿಕೆಯಾದರೂ ಮನಸ್ಸಿಗೆ ಸ್ವಲ್ಪ ನಿರಾಳವಾಯಿತು.

ನಾನು ಹೇಳಿದೆ. "ನಮ್ಮ ಅಂಗಡಿಯೊಳಗ ಡಜನ್ ತಾಟಿನ ಸೆಟ್ ಒಯ್ದವರು ಅರ್ಧಾ ತಿರುಗಿ ತಂದ್ರ, ಇಟ್ಕೊಂಡ ಅರ್ಧಕ್ಕ ಸೆಟ್ಟಿನ ರೇಟ್ ಹಿಡೀತಿದ್ರು ನಮ್ಮವರು. ಬಿಡಿ ತಾಟಿನ ರೇಟ್ ಹಿಡಿದ್ರ ಅದು ವ್ಯಾಪಾರ ಅಲ್ಲ, ದರೋಡಿ. ನೀವು ಮಾರೂ ಮುಂದ ಸೆಟ್ಟು, ತಿರುಗಿ ಕೊಡೂ ಮುಂದ ಬಿಡಿ, ಹೆಂಗ್ರಿ ಇದು?"

ಅವನು ನಗಲಿಲ್ಲ, ವಾದವನ್ನೂ ಮಾಡಲಿಲ್ಲ. "ನೀವು ಕೇಳ್ತಿರೋದು ನ್ಯಾಯಾನೇ" ಎಂದು ಕಂಪ್ಯೂಟರಿನಲ್ಲಿ ಹೊಸದಾಗಿ ಲೆಕ್ಕ ಹಾಕಿದ. ಪ್ಯಾಕೇಜಿನ ದರದಲ್ಲಿ ತಪಾಸಣೆಗೆ ಇಷ್ಟು, ಒಂದೊಂದು ಫೋನಿಗೆ ಇಷ್ಟು. ಆಗಿದ್ದನ್ನು ಕಳೆದು, ಆಗದ್ದನ್ನು ವಾಪಸು ಕೊಡುವುದು. ಕಾಗದಪತ್ರದ ಖರ್ಚೆಂದು ಸ್ವಲ್ಪ ಹಿಡಿಯುತ್ತೇವೆ ಎಂದ. ಹಿಡಿಯಲಿ, ಅವರೂ ಕೆಲಸ ಮಾಡಿದ್ದಾರೆ, ಅದಕ್ಕೆ ನನ್ನ ತಕರಾರಿರಲಿಲ್ಲ. ದುಡ್ಡು ಕಟ್ಟಿದ ಖಾತೆ ಯಜಮಾನರದು, ಅದೀಗ ನಡೆಯುವುದಿಲ್ಲ, ನಿಮ್ಮ ಖಾತೆಯ ಕ್ಯಾನ್ಸಲ್ ಮಾಡಿದ ಚೆಕ್ ಕೊಡಿ ಎಂದ. ಕೊಟ್ಟೆ. ಗೆದ್ದೆ ಅನ್ನಿಸಿತು. ಎಷ್ಟೋ ದಿನಗಳ ನಂತರ ಹೊಟ್ಟೆಯಲ್ಲಿ ಹಸಿವು ಗೊತ್ತಾಯಿತು.

"ಹಂಗಾದ್ರೆ ಏಳು ಫೋನಿನ ದುಡ್ಡು" ಎಂದ ಅವನು.

"ಏಳು ಹೆಂಗ? ಎಂಟೂ ಹಂಗs ಅವ."

"ಒಂದನ್ನ ಸರ್ ಬಳಸಿದಾರೆ ಅಂತ ತೋರಿಸ್ತಿದೆ. ತಪಾಸಣೆ ಆದ ಮುಂದಿನ ವಾರ."

ನನ್ನ ಸಿಟ್ಟು ಮತ್ತೆ ನೆತ್ತಿಗೇರಿತು. "ಅವರು ಯಾವ ಡಾಕ್ಟರಿಗೂ ಫೋನ್ ಹಚ್ಚಿಲ್ಲ! ನಾ ಹಚ್ರಿ ಅಂತ ಹೇಳಿದ್ರೂ ಹಚ್ಚಿಲ್ಲ. ಸತ್ತವರ ಹೆಸರಿನಾಗ ಸುಳ್ಳ ಹೇಳಬ್ಯಾಡ್ರಿ" ಎಂದು ಮೇಜು ಬಡಿದೆ. ಅಕ್ಕಪಕ್ಕದ ಮೇಜಿನವರೆಲ್ಲ ನೋಡಿದರು. ಮಗಳು ನನ್ನ ಸೆರಗು ಜಗ್ಗಿದಳು.

ಅವನು ಯಾರಿಗೋ ಫೋನು ಮಾಡಿ ವಿಚಾರಿಸಿದ. ಫೋನು ಇಟ್ಟು ನನ್ನ ಕಡೆ ತಿರುಗಿದ.

"ನೀವು ಹೇಳಿದ್ದೇ ಸರಿ ಅಮ್ಮ. ಸರ್ ಮಾಡಿಲ್ಲ. ನಮ್ಮ ಡಾಕ್ಟರೇ ಅವರಿಗೆ ಮಾಡಿದ್ದು. ಎರಡು ಸಲ ಸರ್ ಕಟ್ ಮಾಡಿದಾರೆ. ಮೂರನೇ ಸಲ ಎತ್ತಿ, ಈಗ ಬೇಡ, ನಮ್ಮ ಎಂಟು ಹಾಗೇ ಇರಲಿ ಅಂತ ಹೇಳಿ ಇಟ್ಟಿದಾರೆ. ನಮ್ಮವರು ತಪ್ಪಾಗಿ ಎಣಿಸ್ಬಿಟ್ಟಿದಾರೆ. ಅದು ಆ ಎಂಟರಲ್ಲಿ ಬರೋದೇ ಇಲ್ಲ. ರಿಪೋರ್ಟ್ ನೋಡಿ ಡಾಕ್ಟರ್ ತಾವಾಗೇ ಮಾಡೋ ಫೋನು ಅದು. ಅದಕ್ಕೆ ದುಡ್ಡಿಲ್ಲ, ಪುಕ್ಕಟೆ."

"ಡಾಕ್ಟರ್ ಯಾಕ ಮಾಡಿದ್ರು?" ಎಂದು ಮಗಳು ಕೇಳಿದಳು. ಕೇಳಬೇಡ, ಕೇಳಬೇಡ ಎಂದು ನನ್ನ ಜೀವ ಕೂಗುತ್ತಿತ್ತು.

"ಇಸಿಜಿಯಲ್ಲಿ ಸ್ವಲ್ಪ ವ್ಯತ್ಯಾಸ ಇತ್ತಂತೆ. ಹೃದಯದ ಡಾಕ್ಟರಿಗೆ ಒಂದ್ಸಲ ತೋರಿಸಿ ಅಂತ ಹೇಳೋಕೆ."

ನನಗೆ ಯಜಮಾನರ ಮೇಲೆ ಎಂಥ ಸಿಟ್ಟು ಬಂತೆಂದರೆ, ಎದುರಿಗಿದ್ದರೆ ಅಂಗಿ ಹಿಡಿದು ಅಲುಗಾಡಿಸುತ್ತಿದ್ದೆ. ಯಾರ ಮೊಳಕಾಲಿಗೆ ಉಳಿಸಿದಿರಿ? ಆ ಮೊಳಕಾಲು ಇಟ್ಟುಕೊಂಡು ನಾನೆಲ್ಲಿಗೆ ನಡೆಯಲಿ? ಅಷ್ಟು ಜನರ ಮುಂದೆ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಅವನು ಕಾಗದವನ್ನು ನನ್ನ ಮುಂದೆ ಸರಿಸಿದ. "ಎಂಟಕ್ಕೂ ಹಾಕಿದೀನಿ ಅಮ್ಮ. ಇಲ್ಲೊಂದು ಸಹಿ ಮಾಡಿ."

ನಾನು ಕಾಗದವನ್ನು ಅವನ ಕಡೆಗೇ ಸರಿಸಿದೆ. "ಎಂಟು ಬ್ಯಾಡಪ್ಪಾ, ಏಳs ಕೊಡು" ಎಂದೆ. "ಅವರು ಡಾಕ್ಟರ್ ಜೊತಿ ಮಾತಾಡ್ಯಾರ ಅಂತ ಬರ್ಕೋ."

"ಹಾಗೆ ಬರೆಯೋಕಾಗಲ್ಲಮ್ಮ" ಎಂದ ಆ ಹುಡುಗ.